ಸಿಸೇರಿಯನ್‌ಗೆ ಬೆನ್ನಿನ ಇಂಜೆಕ್ಷನ್ ಯಾಕೆ, ಪೂರ್ತಿ ಮಂಪರು ಯಾವಾಗ?

ಬದಿಯಡ್ಕ, ಕುಂಬಳೆ ಕಡೆ ಹೆರಿಗೆಯ ದಿನ ಹತ್ತಿರ ಬಂದರೆ ಮನೆಯ ಹಿರಿಯರು ಒಂದು ಮಾತು ಹೇಳುತ್ತಾರೆ: "ಬೆನ್ನಿಗೆ ಚುಚ್ಚಿಸಿಕೊಳ್ಳಬೇಡ ಮಗಾ, ಸೊಂಟನೋವು ಹೋಗುವುದೇ ಇಲ್ಲ." ಸಿಸೇರಿಯನ್‌ಗೆ ಮುಂಚೆ ದೇಹದ ಕೆಳಭಾಗ ಮರಗಟ್ಟಿಸಲು ಕೊಡುವ ಇಂಜೆಕ್ಷನ್ ಇದು. ಈ ಭಯಕ್ಕೆ ಆಧಾರವಿಲ್ಲ. ಹೆರಿಗೆಯ ನಂತರದ ಸೊಂಟನೋವು ಇಂಜೆಕ್ಷನ್ ತೆಗೆದುಕೊಳ್ಳದವರಿಗೂ ಬರುತ್ತದೆ. ಆದರೆ ಒಂದು ಕಾಲದಲ್ಲಿ ಡಾಕ್ಟರುಗಳೂ ಈ ಇಂಜೆಕ್ಷನ್‌ಗೆ ಹೆದರಿದ್ದರು.

1898ರಲ್ಲಿ ಜರ್ಮನಿಯ ಆಗಸ್ಟ್ ಬೀರ್ ಬೆನ್ನುಹುರಿಯ ಸುತ್ತಲಿನ ನೀರಿಗೆ ಮದ್ದು ಸೇರಿಸಿ ಆಪರೇಷನ್ ಮಾಡಿ ತೋರಿಸಿದರು. ಸೂಜಿ ದಪ್ಪವಿತ್ತು, ಆಮೇಲೆ ತಲೆನೋವು ಜೋರಾಗಿರುತ್ತಿತ್ತು. 1947ರಲ್ಲಿ ಇಂಗ್ಲೆಂಡಿನ ಚೆಸ್ಟರ್‌ಫೀಲ್ಡ್‌ನಲ್ಲಿ ಒಂದೇ ದಿನ ಈ ಇಂಜೆಕ್ಷನ್ ಪಡೆದ ಇಬ್ಬರ ಕಾಲುಗಳು ಸ್ವಾಧೀನ ಕಳೆದುಕೊಂಡವು. ಅಲ್ಲಿ ಹಲವು ವರ್ಷ ಇದರ ಬಳಕೆ ಕುಗ್ಗಿತು.

ಹಾಗಂತ ಪೂರ್ತಿ ಮಂಪರು ಸುರಕ್ಷಿತವಾಗಿತ್ತೇ? 1946ರಲ್ಲಿ ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್ ಸುಮಾರು 44,000 ಹೆರಿಗೆಗಳನ್ನು ನೋಡಿ, 66 ತಾಯಂದಿರಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದದ್ದನ್ನು ದಾಖಲಿಸಿದರು. ಬಸುರಿನಲ್ಲಿ ಹೊಟ್ಟೆಯ ಬಾಯಿ ಸಡಿಲವಾಗುತ್ತದೆ, ಗಂಟಲು ಊದಿರುತ್ತದೆ. ಉಸಿರು ನಿಂತರೆ ಆಮ್ಲಜನಕವೂ ಬೇಗ ಇಳಿಯುತ್ತದೆ. ಗಂಟಲಿಗೆ ನಳಿಕೆ ಹಾಕುವುದು ತಡವಾದರೆ ಪ್ರಾಣಕ್ಕೇ ಅಪಾಯ. ಬೆನ್ನಿನ ಇಂಜೆಕ್ಷನ್‌ನಲ್ಲಿ ತಾಯಿ ಎಚ್ಚರವಾಗಿದ್ದು ತಾನೇ ಉಸಿರಾಡುತ್ತಾಳೆ. ಪೆನ್ಸಿಲ್ ತುದಿಯಂಥ ತೆಳು ಸೂಜಿ ಬಂದ ಮೇಲೆ ತಲೆನೋವೂ ಕಡಿಮೆಯಾಯಿತು. ಬಿಪಿ ದಿಢೀರ್ ಇಳಿಯುವುದು ಮಾತ್ರ ಇಂದಿಗೂ ಇದೆ. ವಾಕರಿಕೆ, ತಲೆಸುತ್ತು ಅದರ ಸುಳಿವು. ಅದಕ್ಕೆಂದೇ ಬಿಪಿ ಏರಿಸುವ ಫಿನೈಲ್‌ಎಫ್ರಿನ್ ಮದ್ದು ಸಿದ್ಧವಿಟ್ಟು, ತಾಯಿಯನ್ನು ಎಡಕ್ಕೆ ಸ್ವಲ್ಪ ವಾಲಿಸಿ ಮಲಗಿಸುತ್ತಾರೆ.

ಹಾಗಾದರೆ ಬೆನ್ನಿನ ಇಂಜೆಕ್ಷನ್ ಬಿಟ್ಟು ಪೂರ್ತಿ ಮಂಪರು ಕೊಡುವುದು ಯಾವಾಗ? ಒಂದು ಉದಾಹರಣೆ ನೋಡೋಣ. ಬಿಪಿ ಜಾಸ್ತಿಯಾದ ಗರ್ಭಿಣಿಯನ್ನು ಕಾಸರಗೋಡಿನಿಂದ ಮಂಗಳೂರಿಗೆ ಕಳಿಸುತ್ತಾರೆ. ಬೆಳಿಗ್ಗೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ 1,30,000 ಇತ್ತು, ಸಂಜೆ ಹೊಸ ರಿಪೋರ್ಟ್‌ನಲ್ಲಿ 48,000. ಸಾಮಾನ್ಯವಾಗಿ 70,000ಕ್ಕಿಂತ ಮೇಲಿದ್ದರೆ ಬೆನ್ನಿನ ಇಂಜೆಕ್ಷನ್‌ಗೆ ಡಾಕ್ಟರರು ಒಪ್ಪುತ್ತಾರೆ. ಇಷ್ಟು ಕಡಿಮೆಯಿದ್ದರೆ ಸೂಜಿ ಚುಚ್ಚಿದಲ್ಲಿ ರಕ್ತ ಸೋರಿ, ಗಡ್ಡೆ ಕಟ್ಟಿ, ನರ ಒತ್ತಿ ಕಾಲು ಸ್ವಾಧೀನ ಕಳೆದುಕೊಳ್ಳಬಹುದು. ಹಾಗಾಗಿ ಇಲ್ಲಿ ಪೂರ್ತಿ ಮಂಪರೇ ಸರಿ. ಆದರೆ ನಳಿಕೆ ಹಾಕುವಾಗ ಬಿಪಿ ಇನ್ನಷ್ಟು ಏರಿ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು, ಅದಕ್ಕೇ ಮೊದಲೇ ಬಿಪಿ ಇಳಿಸುವ ಲ್ಯಾಬೆಟಾಲಾಲ್‌ನಂಥ ಮದ್ದು ಕೊಡುತ್ತಾರೆ. ಮಂಪರಿನ ಮದ್ದು ಮಗುವಿಗೂ ತಲುಪುವುದರಿಂದ ಎಲ್ಲ ಸಿದ್ಧವಾದ ಮೇಲೆಯೇ ಮಂಪರು ಕೊಟ್ಟು, ಕೂಡಲೇ ಮಗುವನ್ನು ಹೊರತೆಗೆಯುತ್ತಾರೆ.

ಧಾರಾಳ ರಕ್ತಸ್ರಾವವಾಗಿ ತಾಯಿ ಶಾಕ್‌ಗೆ ಹೋದಾಗ, ಅಪಸ್ಮಾರ ಬಂದು ಪ್ರಜ್ಞೆ ತಪ್ಪಿದಾಗ, ಹೊಕ್ಕುಳಬಳ್ಳಿ ಹೊರಬಂದು ಮಗುವಿನ ಎದೆಬಡಿತ ಕುಸಿದು ಒಂದು ನಿಮಿಷವೂ ಇಲ್ಲದಾಗಲೂ ಇದೇ ದಾರಿ.

ಬೇರೆ ಆಸ್ಪತ್ರೆಗೆ ಹೋಗುವವರು ರಕ್ತದ ರಿಪೋರ್ಟ್ ಜೊತೆಗೆ, ಕೊನೆಯ ಊಟ ಎಷ್ಟು ಗಂಟೆಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ಕೊನೆಯದಾಗಿ ಯಾವಾಗ ಕೊಟ್ಟದ್ದು ಎಂದು ಬರೆಸಿಕೊಂಡು ಹೋಗಿ. ಅರಿವಳಿಕೆ ಡಾಕ್ಟರ್ ಮೊದಲು ಕೇಳುವುದೇ ಇವನ್ನು.