ಪೆಗ್ ಕೊಡುವುದು ಧೈರ್ಯ, ಶಕ್ತಿಯಲ್ಲ

"ಡಾಕ್ಟ್ರೇ, ಕುಡಿದಾಗಲೇ ನನಗೆ ಆಸೆ ಜಾಸ್ತಿ. ಮತ್ತೆ ಕುಡಿತದಿಂದಲೇ ತೊಂದರೆ ಅಂತೀರಲ್ಲ?" ಈ ವಾದ ಕೇಳಿ ಕೇಳಿ ಸಾಕಾಗಿದೆ.

ಆಸೆ ಬೇರೆ, ದೇಹ ಸ್ಪಂದಿಸುವುದು ಬೇರೆ. ಮದ್ಯ ಮೊದಲು ಸಂಕೋಚವನ್ನು, ಭಯವನ್ನು ಕಡಿಮೆ ಮಾಡುತ್ತದೆ. ಅದನ್ನೇ ಜನ ಆಸೆ ಹೆಚ್ಚಿತು ಅಂದುಕೊಳ್ಳುತ್ತಾರೆ. ಆದರೆ ನಿಮಿರಬೇಕಾದರೆ ನರಗಳು ಸಂದೇಶ ಕಳಿಸಬೇಕು, ರಕ್ತ ಹರಿದು ಬಂದು ಅಲ್ಲೇ ನಿಲ್ಲಬೇಕು. ಪ್ರಮಾಣ ಹೆಚ್ಚಾದಷ್ಟೂ ಈ ಕೆಲಸ ಮಂದವಾಗುತ್ತದೆ. ವೀರ್ಯ ಸ್ಖಲನವೂ ತಡವಾಗುತ್ತದೆ. ಕೆಲವರು ಅದನ್ನೇ 'ಪವರ್' ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಏನು ಹೇಳೋಣ!

ಹೆಂಗಸರಲ್ಲಿ ಈ ಅಂತರ ಇನ್ನೂ ವಿಚಿತ್ರ. ಕುಡಿದ ಮೇಲೆ ಕೆಲವರಲ್ಲಿ ಆಸೆಗೆ ಸಂಬಂಧಿಸಿದ ಟೆಸ್ಟೋಸ್ಟಿರಾನ್ ಹಾರ್ಮೋನು ಸ್ವಲ್ಪ ಹೊತ್ತು ಏರುವುದೂ ಉಂಟು. ಮನಸ್ಸು ಸಿದ್ಧ ಅನ್ನುತ್ತದೆ, ಆದರೆ ಯೋನಿಯ ರಕ್ತಸಂಚಾರ ಮತ್ತು ತೇವ ಕಡಿಮೆಯಾಗಿರುತ್ತದೆ. "ನನಗೇ ಬೇಕಿತ್ತು, ಆದರೂ ನೋವಾಯಿತು" ಅನ್ನುವವರಿಗೆ ನಾನು ಮೊದಲು ಆ ಸಂಜೆ ಎಷ್ಟು ಕುಡಿದಿದ್ದಿರಿ ಅಂತ ಕೇಳುತ್ತೇನೆ. ವರ್ಷಗಟ್ಟಲೆ ಜಾಸ್ತಿ ಕುಡಿದರೆ ಅಂಡಾಣು ಬಿಡುಗಡೆ ತಪ್ಪಬಹುದು, ಮುಟ್ಟು ಏರುಪೇರಾಗಬಹುದು.

ಈಗ ಹಾರ್ಮೋನಿನ ಮಾತು. ನಲವತ್ತರ ಆಸುಪಾಸಿನ ಒಬ್ಬರು ಹೆಂಡತಿಯ ಜೊತೆ ಬಂದಿದ್ದರು. ದಿನಾ ರಾತ್ರಿ ಮೂರು ನಾಲ್ಕು ಪೆಗ್. ಬೆಳಗಿನ ನಿಮಿರುವಿಕೆಯೂ ನಿಂತಿತ್ತು, ಅಂದರೆ ಇದು ಬರೀ ಮನಸ್ಸಿನ ಅಳುಕಲ್ಲ. ಬೆಳಿಗ್ಗೆ ಹತ್ತರೊಳಗೆ, ಎರಡು ಬೇರೆ ದಿನ ತೆಗೆಸಿದ ರಕ್ತದಲ್ಲಿ ಟೆಸ್ಟೋಸ್ಟಿರಾನ್ 230ರ ಆಸುಪಾಸು. ಸಾಮಾನ್ಯವಾಗಿ 300ಕ್ಕಿಂತ ಮೇಲಿರಬೇಕು. ಅವರು ತೋರಿಸಿದ್ದು ರಿಪೋರ್ಟಿನ ಇನ್ನೊಂದು ಸಾಲನ್ನು: "ಎಲ್‌ಎಚ್ ನಾರ್ಮಲ್ ಇದೆ ನೋಡಿ."

ತಪ್ಪಾಗುವುದೇ ಇಲ್ಲಿ. ಎಲ್‌ಎಚ್ ಅಂದರೆ ವೃಷಣಕ್ಕೆ 'ಟೆಸ್ಟೋಸ್ಟಿರಾನ್ ಮಾಡು' ಅಂತ ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನು. ಟೆಸ್ಟೋಸ್ಟಿರಾನ್ ಇಷ್ಟು ಇಳಿದಾಗ ಎಲ್‌ಎಚ್ ಏರಬೇಕಿತ್ತು. ಏರಿಲ್ಲ ಅಂದರೆ ಮೇಲಿನಿಂದಲೇ ಸಾಕಷ್ಟು ಆಜ್ಞೆ ಬರುತ್ತಿಲ್ಲ. ಮದ್ಯ ಎರಡೂ ಕಡೆ ಕೆಡಿಸುತ್ತದೆ: ವೃಷಣದಲ್ಲಿ ಟೆಸ್ಟೋಸ್ಟಿರಾನ್ ತಯಾರಿಸುವ ಲೇಡಿಗ್ ಕೋಶಗಳನ್ನೂ, ಮಿದುಳಿನ ಆಜ್ಞೆಯನ್ನೂ. ಲಿವರ್ ಹಾಳಾದವರಲ್ಲಿ ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ ಪ್ರಭಾವ ಹೆಚ್ಚಿ ಗಂಡಸರಿಗೂ ಎದೆ ಬೆಳೆಯಬಹುದು. ಅಂದಹಾಗೆ, ಎಲ್‌ಎಚ್ ಏರದಿರುವುದಕ್ಕೆ ಪಿಟ್ಯುಟರಿ ಗಡ್ಡೆಯಂಥ ಬೇರೆ ಕಾರಣಗಳೂ ಇರಬಹುದು, ಹಾಗಾಗಿ ಅದೇ ಗ್ರಂಥಿಯ ಪ್ರೊಲ್ಯಾಕ್ಟಿನ್ ಹಾರ್ಮೋನನ್ನೂ ನೋಡಿದೆ. ಸರಿಯಿತ್ತು.

ಅವರು ಕೇಳಿದ್ದು ಟೆಸ್ಟೋಸ್ಟಿರಾನ್ ಇಂಜೆಕ್ಷನ್. ಹೆಂಡತಿ ಮೆಲ್ಲಗೆ, "ನಮಗೆ ಇನ್ನೊಂದು ಮಗು ಬೇಕಿತ್ತು" ಅಂದರು. ಆ ಇಂಜೆಕ್ಷನ್ ಕೊಟ್ಟರೆ ಎಲ್‌ಎಚ್ ಮತ್ತಷ್ಟು ಕುಸಿದು ವೀರ್ಯಾಣು ತಯಾರಿಯೇ ನಿಲ್ಲಬಹುದು. ಕೊಡಲಿಲ್ಲ. ಕುಡಿತ ಬಿಡಿಸಿದೆವು, ಅದೂ ವೈದ್ಯರ ನಿಗಾದಲ್ಲಿ. ದಿನಾ ಕುಡಿಯುವವರು ಸುಮ್ನೆ ಒಂದೇ ದಿನ ನಿಲ್ಲಿಸಿದರೆ ಕೈ ನಡುಗಿ ಫಿಟ್ಸ್ ಬರುವ ಅಪಾಯವಿದೆ. ಬೆಳಗಿನ ನಿಮಿರುವಿಕೆ ಮೊದಲು ಮರಳಿತು. ಮೂರು ತಿಂಗಳಿಗೆ ಟೆಸ್ಟೋಸ್ಟಿರಾನ್ 390ಕ್ಕೆ ಬಂತು. ಎಲ್ಲರಿಗೂ ಹೀಗೇ ಆಗುತ್ತದೆ ಅನ್ನಲಾರೆ. ವೃಷಣ ಕುಗ್ಗಿದ್ದರೆ, ಲಿವರ್ ಹಾಳಾಗಿ ಗಟ್ಟಿಯಾಗಿದ್ದರೆ, ಕುಡಿತ ಬಿಟ್ಟರೂ ಪೂರ್ತಿ ಮರಳದೇ ಇರಬಹುದು.