ಮುತ್ಯಾನ ಮಾತು ತಿದ್ದಬೇಕು, ಆದ್ರ ಮುತ್ಯಾ ಉಳೀಬೇಕು, ಹೆಂಗ?

ಓದುಗರ ಪ್ರಶ್ನೆ: "ನಮ್ಮ ಮುತ್ಯಾನ ಜೀವನದ ಕಥಿ ಮೊಬೈಲ್‌ನಾಗ ರೆಕಾರ್ಡ್ ಮಾಡೀನಿ, ಒಂಬತ್ತು ತಾಸು ಅದ. ಇದ್ದದ್ದು ಇದ್ದಂಗ ಬರದ್ರ ಓದ್ಲಾಕ ಆಗವಲ್ದು, ಒಂದಕ್ಕೊಂದು ಸಂಬಂಧ ಇಲ್ಲ. ತಿದ್ದಿ ಬರದ್ರ ಮುತ್ಯಾ ಮಾತಾಡಿದಂಗ ಅನಸಂಗಿಲ್ಲ. ಏನು ಮಾಡ್ಲಿ?"

ಇದೇ ಪ್ರಶ್ನೆ ಭಾಳ ಮಂದಿ ಕೇಳ್ತಾರ, ನಾನೂ ಇದ್ರಾಗ ಬಿದ್ದು ಎದ್ದಾಂವ. ನಮ್ಮ ಮುತ್ಯಾ ಆಳಂದ ತಾಲೂಕಿನಾಂವ. ಮೊದಲ ಸಲ ಅಂವ ಹೇಳಿದ್ದೆಲ್ಲಾ ನಾ ಪುಸ್ತಕದ ಕನ್ನಡಕ್ಕ ತಿರುಗಿಸಿ, ಚಂದ ಟೈಪ್ ಮಾಡಿ ಓದಿ ಹೇಳಿದೆ. ಸುಮ್ಮನ ಕೇಳಿದ, ಆಮ್ಯಾಲ "ಚಲೋ ಅದ, ಯಾವ ಮಾಸ್ತರ್ ಬರದಾನ ಇದು?" ಅಂದ. ಆ ಇಪ್ಪತ್ತು ಪಾನು ಬಿಟ್ಟು ಮತ್ತ ಮೊದಲಿಂದ ಸುರು ಮಾಡಿದೆ.

ಮೊದಲು, ಬಾಯಿಂದ ಬಂದದ್ದು ಬಂದಂಗ ಒಂದು ಪ್ರತಿ ಬರದು ಇಟ್ಕೋರಿ, ಹಾಂ ಹೂಂ ಸೈತ, ಪ್ರತಿ ಪ್ಯಾರಾದ ಮುಂದ ರೆಕಾರ್ಡಿಂಗ್‌ನ ಟೈಮ್ ಹಾಕಿ. ಈ ಪ್ರತಿ ಯಾವತ್ತೂ ತಿದ್ದಬ್ಯಾಡ್ರಿ, ತಿದ್ದೋದು ಅದರ ನಕಲಿನ ಮ್ಯಾಲ. ನನಗ ಒಂದು ತಾಸಿನ ಮಾತು ಬರಿಲಾಕ ಐದಾರು ತಾಸು ಹಿಡೀತು, ಹಂಗಾಗಿ ಒಂಬತ್ತು ತಾಸು ಒಂದೇ ವಾರದಾಗ ಮುಗಸ್ತೀನಿ ಅಂತ ಕೂಡಬ್ಯಾಡ್ರಿ.

ಈಗ ಒಂದು ತುಣುಕು ಹಿಡದು ತೋರಸ್ತೀನಿ. ಇದು 1948ರ ಮಾತು, ರಜಾಕಾರರ ಹಾವಳಿ ಜೋರಿದ್ದಾಗ ನಮ್ಮ ಮನಿಯವರು ರಾತ್ರೋರಾತ್ರಿ ಅಕ್ಕಲಕೋಟ ಕಡಿ ಹೋದದ್ದು. ರೆಕಾರ್ಡಿಂಗ್‌ನಾಗ ಹಿಂಗದ:

"ಅವಾಗ… ಹಾಂ… ಏನಾತಂದ್ರ, ನಮ್ಮಪ್ಪ ಎತ್ತು ಹೂಡಿದ ನೋಡು, ರಾತ್ರಿ. ಎತ್ತಂದ್ರ ಎಂಥ ಎತ್ತು, ಖಿಲಾರಿ ಎತ್ತು, ಸಂತ್ಯಾಗ ನೂರಾ ಇಪ್ಪತ್ತು ಹಾಲಿ ಕೊಟ್ಟು ತಂದಿದ್ದ, ಸಂತ್ಯಾಗಲ್ಲ, ಜಾತ್ರ್ಯಾಗ ತಂದಿದ್ದ. ನಿನಗ ಗೊತ್ತಿಲ್ಲ ಬಿಡು. ಅವ್ವ ಹಿಟ್ಟಿನ ಡಬ್ಬಿ ಬಿಡಲಿಲ್ಲ. ಬಿಡೇ ಅಂದ, ಬಿಡಲಿಲ್ಲ. ನಾ ಸಣ್ಣಾಂವ. ಎತ್ತಿನ ಕೊಳ್ಳಾಗಿನ ಗೆಜ್ಜಿ ಬಿಚ್ಚಿದ ನಮ್ಮಪ್ಪ, ಸಪ್ಪಳ ಆಗಬಾರದಂತ. ಬಿಚ್ಚಿ ಅವ್ವನ ಡಬ್ಬ್ಯಾಗ ಹಾಕಿದ. ಏನು ಹೇಳ್ಲತಿದ್ದೆ? ಹಾಂ, ಅಕ್ಕಲಕೋಟ. ಹಿಟ್ಟಿನ್ಯಾಗ ಹಾಕಿದ್ರ ಗೆಜ್ಜಿ ಮಾತಾಡಂಗಿಲ್ಲ ನೋಡು."

ನಾ ಮೊದಲು ಮಾಡಿದ ತಪ್ಪು ಇದು: "ನಮ್ಮ ತಂದೆಯವರು ಕುಟುಂಬ ಸಮೇತ ರಾತ್ರೋರಾತ್ರಿ ಅಕ್ಕಲಕೋಟೆಗೆ ತೆರಳಿದರು. ಶಬ್ದವಾಗದಿರಲೆಂದು ಎತ್ತುಗಳ ಗೆಜ್ಜೆಗಳನ್ನು ಹಿಟ್ಟಿನ ಡಬ್ಬದಲ್ಲಿರಿಸಿದರು." ಇದ್ರಾಗ ಸುಳ್ಳು ಒಂದೂ ಇಲ್ಲ, ಆದ್ರ ಅವ್ವ ಇಲ್ಲ, ಎತ್ತಿನ ಮ್ಯಾಲಿನ ಜೀವ ಇಲ್ಲ, ಗೆಜ್ಜಿ ಮಾತಾಡೂದೂ ಇಲ್ಲ.

ಕಡೀಕ ಇಟ್ಟದ್ದು ಇದು:

"ನಮ್ಮಪ್ಪ ಎತ್ತು ಹೂಡಿದ, ರಾತ್ರಿ. ಎತ್ತಂದ್ರ ಎಂಥ ಎತ್ತು, ಖಿಲಾರಿ ಎತ್ತು, ಜಾತ್ರ್ಯಾಗ ನೂರಾ ಇಪ್ಪತ್ತು ಹಾಲಿ ಕೊಟ್ಟು ತಂದಿದ್ದ. ಅವ್ವ ಹಿಟ್ಟಿನ ಡಬ್ಬಿ ಬಿಡಲಿಲ್ಲ. ಬಿಡೇ ಅಂದ, ಬಿಡಲಿಲ್ಲ. ನಾ ಸಣ್ಣಾಂವ. ಎತ್ತಿನ ಕೊಳ್ಳಾಗಿನ ಗೆಜ್ಜಿ ಬಿಚ್ಚಿದ ನಮ್ಮಪ್ಪ, ಸಪ್ಪಳ ಆಗಬಾರದಂತ. ಬಿಚ್ಚಿ ಅವ್ವನ ಡಬ್ಬ್ಯಾಗ ಹಾಕಿದ. ಹಿಟ್ಟಿನ್ಯಾಗ ಹಾಕಿದ್ರ ಗೆಜ್ಜಿ ಮಾತಾಡಂಗಿಲ್ಲ ನೋಡು."

ಏನು ಹೋತು ನೋಡ್ರಿ: ಹಾಂ, ಏನಾತಂದ್ರ, ಏನು ಹೇಳ್ಲತಿದ್ದೆ, ಇವು ನೆನಪು ಹುಡುಕೋವಾಗ ಬಾಯಿಗೆ ಬರೋ ಮಾತು, ಕಿವಿಗೆ ನಡೀತದ, ಕಣ್ಣಿಗೆ ಕಲ್ಲು. ಸಂತಿ ಅಂದು ಜಾತ್ರಿ ಅಂತ ತಾನೇ ತಿದ್ದಿಕೊಂಡಾನ, ಹಂಗಾಗಿ ಅಂವ ತಿದ್ದಿದ್ದೇ ಉಳೀತು. ನೋಡು ಅನ್ನೋದು ಎರಡು ಸಲ ಬಂದಿತ್ತು, ಕಡೀದು ಒಂದೇ ಇಟ್ಟೆ, ಯಾಕಂದ್ರ ಅಲ್ಲಿ ಅದರ ಮ್ಯಾಲ ತೂಕ ಬೀಳ್ತದ. ನಿನಗ ಗೊತ್ತಿಲ್ಲ ಬಿಡು ಅನ್ನೋದು ಇಡೀ ರೆಕಾರ್ಡಿಂಗ್‌ನಾಗ ನೂರು ಸಲ ಬಂದದ, ಪುಸ್ತಕದಾಗ ಮೂರೇ ಕಡಿ ಉಳಿಸೀನಿ.

ಉಳಿದದ್ದು ಏನು ಅನ್ನೋದು ಇನ್ನೂ ಮುಖ್ಯ. ಮುತ್ಯಾನ ದನಿ ಕ್ರಿಯಾಪದದಾಗ ಮತ್ತ ವಾಕ್ಯದ ಬಾಲದಾಗ ಇರ್ತದ. "ಬಿಚ್ಚಿದ ನಮ್ಮಪ್ಪ, ಸಪ್ಪಳ ಆಗಬಾರದಂತ", ಇಲ್ಲಿ ಮಾಡಿದ್ದು ಮೊದಲು, ಮಾಡಿದಾಂವ ಆಮ್ಯಾಲ, ಕಾರಣ ಕಡೀಕ. ವ್ಯಾಕರಣಕ್ಕ ಸರಿ ಮಾಡ್ತೀನಂತ ಅದನ್ನ ಹಿಂದ ಮುಂದ ಮಾಡಿದ್ರಿ ಅಂದ್ರ ಮುತ್ಯಾ ಹೋದ. ಅಪ್ಪಗ ಬಹುವಚನ ಹಚ್ಚಬ್ಯಾಡ್ರಿ, ಅಂವ ಹೂಡಿದ ಅಂದ್ರ ಹೂಡಿದ, ಹೂಡಿದರು ಅಲ್ಲ, ನಮ್ಮ ಕಡಿ ಅದ್ರಾಗ ಅಗೌರವ ಇಲ್ಲ. "ಬಿಡೇ ಅಂದ, ಬಿಡಲಿಲ್ಲ" ಅಂತ ಮತ್ತ ಹೇಳಿದ್ದು ಮರವಿಂದಲ್ಲ, ಅಲ್ಲಿ ಜಗ್ಗಾಟ ಅದ, ಅದನ್ನ ತೆಗೀಬಾರದು. ಮರತು ಮತ್ತ ಹೇಳಿದ್ದು ಯಾವುದು, ಬೇಕಂತ ಮತ್ತ ಹೇಳಿದ್ದು ಯಾವುದು ಅನ್ನೋದು ಬರಿ ಅಕ್ಷರ ನೋಡಿದ್ರ ತಿಳಿಯಂಗಿಲ್ಲ, ದನಿ ಕೇಳಬೇಕು, ಬೇಕಂತ ಹೇಳಿದಾಗ ಎರಡನೇ ಸಲ ದನಿ ಬದಲಾಗ್ತದ.

ಕಾಗುಣಿತದ್ದು ಒಂದು ಮಾತು. ಹೇಳ್ಲತಿದ್ದೆ ಅಂತ ಬರೀತಿರೋ, ಹೇಳ್ಲಿಕ್ಕತ್ತಿದ್ದೆ ಅಂತೋ, ಮುತ್ಯಾ ಹೆಚ್ಚು ಯಾವುದು ಅಂತಾನ ನೋಡಿ ಒಂದು ಪಾನಿನ್ಯಾಗ ಬರದಿಟ್ಟು ಇಡೀ ಪುಸ್ತಕಕ್ಕ ಅದನ್ನೇ ನಡಸ್ರಿ, ಒಂದೊಂದು ಕಡಿ ಒಂದೊಂದು ನಮೂನಿ ಇದ್ರ ಓದೋರು ಎಡವ್ತಾರ.

ಇನ್ನ ಅಲ್ಲಿಂದಿಲ್ಲಿಗೆ ಹಾರೋ ಕಥಿದು. ನಮ್ಮ ಮುತ್ಯಾ ಈ ಅಕ್ಕಲಕೋಟದ ರಾತ್ರಿ ನಾಕು ಸಲ ಹೇಳ್ಯಾನ. ಎಲ್ಲಕ್ಕಿಂತ ತುಂಬಿದ್ದು ಯಾವುದೋ ಅದನ್ನ ಬೆನ್ನೆಲುಬು ಮಾಡ್ಕೊಂಡು, ಉಳಿದ ಮೂರರಾಗಿನ ಹೊಸ ಮಾತು ಅಷ್ಟೇ ತಂದು ಸೇರಿಸಿದೆ, ಅದೂ ಅಂವ ಅಂದ ವಾಕ್ಯದಾಗೇ. ಆದ್ರ ಒಂದು ಸಲ ಗಾಡ್ಯಾಗ ಐದು ಮಂದಿ ಅಂದಾನ, ಇನ್ನೊಂದು ಸಲ ಏಳು. ನಾನೇ ಆರು ಅಂತ ಮಾಡಿದ್ರ ಅದು ಯಾರೂ ಹೇಳದ ಕಥಿ ಆಗ್ತದ. ಕೇಳಿದೆ, ಅವಗೂ ನೆನಪಾಗಲಿಲ್ಲ, ಹಂಗಾಗಿ "ಐದೋ ಏಳೋ ಮಂದಿ" ಅಂತೇ ಉಳೀತು.

ಇಸ್ವಿ ನೀವಾಗೇ ಅವನ ಬಾಯಾಗ ಹಾಕಬ್ಯಾಡ್ರಿ. ನಮ್ಮ ಮುತ್ಯಾ "ಫಸಲಿ ಐವತ್ತೇಳು" ಅಂತಾನ, ಅಂದ್ರ ನಿಜಾಮನ ಕಾಲದ ಫಸಲಿ 1357. ಅದಕ್ಕ 590 ಕೂಡಿಸಿದ್ರ 1947 ಬರ್ತದ, ಆದ್ರ ಆ ವರ್ಷ ಅಕ್ಟೋಬರದಾಗ ಸುರು ಆಗ್ತಿತ್ತು, ಅಂದ ಮ್ಯಾಲ ಮುಂದಿನ ಬ್ಯಾಸಗಿ, ಮಳಿಗಾಲದ ಮಾತಾದ್ರ 591 ಕೂಡಿಸಬೇಕು, 1948. ಸೆಪ್ಟೆಂಬರದ ಪೊಲೀಸ್ ಆಕ್ಷನ್ ಸೈತ ಅದೇ ಫಸಲಿಯೊಳಗ ಬರ್ತದ. ಇದೆಲ್ಲಾ ಅಧ್ಯಾಯದ ತಲಿಮ್ಯಾಲ ನಿಮ್ಮ ಮಾತಿನ್ಯಾಗ ಎರಡು ಸಾಲು ಬರೀರಿ, ಬ್ಯಾರೆ ಅಕ್ಷರದಾಗ. ಹಾಲಿ ಅಂದ್ರ ಹೈದ್ರಾಬಾದಿನ ಹಾಲಿ ಸಿಕ್ಕಾ, ಕಲ್ದಾರ್ ಅಂದ್ರ ಇಂಗ್ರೇಜರ ರೂಪಾಯಿ, ಇದನ್ನೂ ಅಲ್ಲೇ ಒಮ್ಮೆ ಹೇಳಿ ಬಿಟ್ರ ಸಾಕು.

ಒಂದು ಅಧ್ಯಾಯ ಮುಗಿದ ಕೂಡ್ಲೇ ಮುತ್ಯಾಗ ಓದಿ ಹೇಳ್ರಿ, ರೆಕಾರ್ಡಿಂಗ್ ಚಾಲೂ ಇಟ್ಟು. ಅಂವ ನಡುವ ಬಾಯಿ ಹಾಕಿ ಮುಂದಿನ ಮಾತು ತಾನೇ ಅಂದ್ರ ಆ ಸಾಲು ಸರಿ ಬಂದದ ಅಂತ ತಿಳೀರಿ. ಸುಮ್ಮನ ಕೂತು ಕೇಳ್ಲತಾನ ಅಂದ್ರ ಅಲ್ಲೊಂದು ಗುರ್ತು ಹಾಕ್ರಿ, ಬಹಳ ಮಾಡಿ ಅಲ್ಲಿ ನಿಮ್ಮ ಕನ್ನಡ ಹೊಕ್ಕಿರ್ತದ. ನಾ ಈ ಗೆಜ್ಜಿ ತುಣುಕು ಓದಿದಾಗ "ಮಾತಾಡಂಗಿಲ್ಲ" ಅನ್ನೋದು ನನಗಿಂತ ಮೊದಲು ಅಂವನೇ ಅಂದ, ಅಂದು ಸ್ವಲ್ಪ ತಡದು, ನಾಕು ಸಲದಾಗ ಒಮ್ಮಿನೂ ಹೇಳದ ಒಂದು ಮಾತು ಹೇಳಿದ. ಅದನ್ನ ಒಂದಕ್ಷರ ಮುಟ್ಟದಂಗ ಅದರ ಕೆಳಗೇ ಸೇರಿಸೀನಿ: "ಹಿಟ್ಟು ಕೂತಿತ್ತು ಒಳಗ. ಊರಿಗಿ ತಿರುಗಿ ಬಂದು ಕಟ್ಟಿದ್ರೂ ಎಂಟು ದಿನ ನುಡೀಲಿಲ್ಲ ಗೆಜ್ಜಿ."