ಹೆಂಚಿನ ಮನೆಯ ಫೋಟೋದಿಂದ ನೀಲನಕ್ಷೆ: ಚಾವಣಿಯ ಎತ್ತರವನ್ನು ಸರಿಯಾಗಿ ಪಡೆಯುವ ಬಗೆ

ಮೈಸೂರಿನ ಕೃಷ್ಣಮೂರ್ತಿಪುರಂನ ಒಂದು ಹಳೆಯ ಹೆಂಚಿನ ಮನೆಯ ಫೋಟೋವನ್ನು ನೀಲನಕ್ಷೆಯ ಶೈಲಿಯ ರೇಖಾಚಿತ್ರವಾಗಿಸುವಾಗ ಮಾಡಿಕೊಂಡ ಟಿಪ್ಪಣಿ ಇದು. ಗೆರೆ ಎಷ್ಟೇ ಶುಭ್ರವಾಗಿದ್ದರೂ ಅಳತೆ ತಪ್ಪಿದ್ದರೆ ಚಿತ್ರವು ನಕ್ಷೆಯಾಗುವುದಿಲ್ಲ; ಹೆಂಚಿನ ಮನೆಗಳಲ್ಲಿ ಅಳತೆ ಹೆಚ್ಚಾಗಿ ತಪ್ಪುವುದು ಚಾವಣಿಯಲ್ಲಿ.

ಫೋಟೋವನ್ನು ಮುಂಗೋಡೆಗೆ ನೇರ ಎದುರಾಗಿ, ಗೋಡೆಯಿಂದ 10 ಮೀಟರ್ ದೂರದಲ್ಲಿ, ಕ್ಯಾಮೆರಾವನ್ನು ನೆಲದಿಂದ 1.5 ಮೀಟರ್ ಎತ್ತರದಲ್ಲಿಟ್ಟು ತೆಗೆದೆ. ಈ ಎರಡು ಅಂಕಿಗಳನ್ನು ಅಲ್ಲೇ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನ ಲೆಕ್ಕವೆಲ್ಲ ಇವುಗಳ ಮೇಲೆಯೇ ನಿಂತಿದೆ. ಮನೆಯವರ ಒಪ್ಪಿಗೆ ಪಡೆದು ಗೋಡೆಯನ್ನು ಟೇಪಿನಿಂದ ಅಳೆದಾಗ ಅಗಲ 7.2 ಮೀಟರ್, ಸೂರಿನ ಕೆಳಗೆ ಕಾಣುವ ಎತ್ತರ 2.7 ಮೀಟರ್ ಬಂದಿತು. ಫೋಟೋ ತಿದ್ದುವ ತಂತ್ರಾಂಶವಾದ ಗಿಂಪ್‌ನ `Perspective` ಸಾಧನದಿಂದ ಗೋಡೆಯ ನಾಲ್ಕು ಮೂಲೆಗಳನ್ನು 3600 ಪಿಕ್ಸೆಲ್ ಅಗಲ, 1350 ಪಿಕ್ಸೆಲ್ ಎತ್ತರದ ಆಯತಕ್ಕೆ ಹೊಂದಿಸಿದರೆ ಒಂದು ಪಿಕ್ಸೆಲ್ ಗೋಡೆಯ ಮೇಲಿನ 2 ಮಿಲಿಮೀಟರಿಗೆ ಸಮನಾಗುತ್ತದೆ. ಬಾಗಿಲನ್ನು ಮಾತ್ರ ಆಧಾರವಾಗಿಟ್ಟುಕೊಳ್ಳಬಾರದು. ಅದು ಚಿಕ್ಕದಾದ್ದರಿಂದ ಮೂಲೆ ಗುರುತಿಸುವಾಗಿನ ಸಣ್ಣ ತಪ್ಪು ಗೋಡೆಯ ಕೊನೆಗೆ ಹೋಗುವಷ್ಟರಲ್ಲಿ ದೊಡ್ಡದಾಗುತ್ತದೆ. ಬಾಗಿಲನ್ನು ತಾಳೆ ನೋಡಲು ಬಳಸುವುದೇ ಸರಿ. ಚೌಕಟ್ಟಿನ 1.2 ಮೀಟರ್ ಅಗಲ 600 ಪಿಕ್ಸೆಲ್ ಬರಬೇಕು. ಬರದಿದ್ದರೆ ಮೂಲೆಗಳು ಜಾರಿವೆ, ಇಲ್ಲವೇ ಲೆನ್ಸ್ ಗೆರೆಗಳನ್ನು ಬಾಗಿಸಿದೆ ಎಂದು ತಿಳಿಯಬೇಕು.

ಇಲ್ಲಿಯವರೆಗಿನ ತಿದ್ದುಪಡಿ ಗೋಡೆಯ ಮೇಲ್ಮೈಗೆ ಮಾತ್ರ ಸಲ್ಲುತ್ತದೆ. ಗೋಡೆಗಿಂತ ಮುಂದಿರುವುದು ದೊಡ್ಡದಾಗಿಯೂ, ಹಿಂದಿರುವುದು ಚಿಕ್ಕದಾಗಿಯೂ ಉಳಿದುಬಿಡುತ್ತದೆ. ನಮ್ಮ ಮನೆಯ ಸೂರಿನ ಅಂಚು ಗೋಡೆಯಿಂದ 0.6 ಮೀಟರ್ ಮುಂದಿದ್ದು, ನಿಜವಾಗಿ 2.6 ಮೀಟರ್ ಎತ್ತರದಲ್ಲಿದೆ. ಫೋಟೋದಲ್ಲಿ ಅದು ಸುಮಾರು 2.7 ಮೀಟರಿನಲ್ಲಿ ಕಾಣುತ್ತದೆ. ಇದು ಸಹಿಸಬಹುದಾದ ವ್ಯತ್ಯಾಸ. ಆದರೆ ಚಾವಣಿಯ ನೆತ್ತಿ ಗೋಡೆಯಿಂದ 2.5 ಮೀಟರ್ ಹಿಂದಿದೆ, ಅಂದರೆ ಕ್ಯಾಮೆರಾದಿಂದ 12.5 ಮೀಟರ್ ದೂರದಲ್ಲಿದೆ. ತಿದ್ದಿದ ಫೋಟೋದಲ್ಲಿ ಅದರ ಎತ್ತರ 4.3 ಮೀಟರ್ ಬಂದಿತು. ಇದನ್ನೇ ನಂಬಿ ಗೆರೆ ಎಳೆದಾಗ ಮನೆಯ ತಲೆಯನ್ನು ಯಾರೋ ಒತ್ತಿದಂತೆ ಚಾವಣಿ ಕುಳ್ಳಾಗಿ ಕಂಡಿತು. ನನ್ನ ಮೊದಲ ಕರಡು ಹಾಗೆಯೇ ಹಾಳಾಯಿತು.

ಸರಿಪಡಿಸುವ ಲೆಕ್ಕ ಸುಲಭ. ಕಂಡ ಎತ್ತರದಿಂದ ಕ್ಯಾಮೆರಾದ ಎತ್ತರವನ್ನು ಕಳೆದರೆ 2.8 ಉಳಿಯುತ್ತದೆ, ಅದನ್ನು 12.5ರಿಂದ ಗುಣಿಸಿ 10ರಿಂದ ಭಾಗಿಸಿದರೆ 3.5, ಅದಕ್ಕೆ ಕ್ಯಾಮೆರಾದ 1.5 ಕೂಡಿಸಿದರೆ ನೆತ್ತಿಯ ನಿಜವಾದ ಎತ್ತರ 5 ಮೀಟರ್. ಎಪ್ಪತ್ತು ಸೆಂಟಿಮೀಟರ್‌ಗಳಷ್ಟು ತಪ್ಪು ಹೀಗೆ ಅಳಿಯಿತು. ನೆತ್ತಿ ಎಷ್ಟು ಹಿಂದಿದೆ ಎಂಬುದನ್ನು ಮಾತ್ರ ಎದುರಿನ ಫೋಟೋ ಹೇಳಲಾರದು. ಪಕ್ಕದ ತ್ರಿಕೋನ ಗೋಡೆಯ ಬುಡದಲ್ಲಿ ಟೇಪು ಹಿಡಿದೇ ಅದನ್ನು ತಿಳಿಯಬೇಕು. ಸೂರು, ಜಗಲಿಯ ಕಂಬ, ನೆತ್ತಿ ಒಂದೊಂದೂ ಒಂದೊಂದು ಆಳದಲ್ಲಿರುವುದರಿಂದ ಪ್ರತಿಯೊಂದಕ್ಕೂ ಈ ಲೆಕ್ಕವನ್ನು ಬೇರೆಯಾಗಿಯೇ ಮಾಡಬೇಕಾಗುತ್ತದೆ.

ಗೆರೆಯನ್ನು ರೇಖಾಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ಕೈಯಿಂದಲೇ ಎಳೆಯುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ. ಅಂಚು ಹುಡುಕುವ ಫಿಲ್ಟರುಗಳು ಗುರುತಿಸುವುದು ಬೆಳಕಿನ ಏರಿಳಿತವನ್ನೇ ಹೊರತು ಕಟ್ಟಡದ ಅಂಚನ್ನಲ್ಲ. ಈ ಮನೆಯಲ್ಲಿ ಸೂರಿನ ನೆರಳು ಗೋಡೆಯ ಮೇಲೆ ದಪ್ಪ ಗೆರೆಯಾಗಿ ಮೂಡಿತು. ಸುಣ್ಣ ಬಳಿದ ಕಂಬವು ಸುಣ್ಣದ ಗೋಡೆಯ ಎದುರು ಕಾಣದೇ ಹೋಯಿತು. ಫಿಲ್ಟರಿನ ಫಲಿತಾಂಶವನ್ನು ಮಸುಕಾಗಿ ಕೆಳಗಿಟ್ಟುಕೊಂಡು, ಮೂಲ ಫೋಟೋದಲ್ಲಿ ನೋಡಿ ಖಚಿತಪಡಿಸಿಕೊಂಡ ಅಂಚುಗಳಿಗೆ ಮಾತ್ರ ಗೆರೆ ಎಳೆಯಬಹುದು.

ಚಿತ್ರವನ್ನು 1:50ರ ಪ್ರಮಾಣಕ್ಕೆ ಇಳಿಸಿದಾಗ ಗೋಡೆ 144 ಮಿಲಿಮೀಟರ್ ಅಗಲವಾಗಿ ಎ4 ಹಾಳೆಯಲ್ಲಿ ಕೂರುತ್ತದೆ. ನೆಲದ ಗೆರೆಗೆ 0.7, ಹೊರ ಅಂಚಿಗೆ 0.5, ಬಾಗಿಲು ಕಿಟಕಿಗಳಿಗೆ 0.35, ಹೆಂಚಿಗೆ 0.18 ಮಿಲಿಮೀಟರ್ ದಪ್ಪ ಕೊಟ್ಟೆ. ಹೆಂಚಿನ ಸಾಲುಗಳನ್ನು ಫೋಟೋದ ಮೇಲೆಯೇ ಎಳೆಯಬಾರದು, ಅವೂ ಚಾವಣಿಯೊಂದಿಗೆ ಕುಗ್ಗಿರುತ್ತವೆ; ಸಾಲುಗಳನ್ನು ಎಣಿಸಿಕೊಂಡು, ತಿದ್ದಿದ ಎತ್ತರದಲ್ಲಿ ಸಮನಾಗಿ ಹಂಚಬೇಕು.

ಹಳೆಯ ನೀಲನಕ್ಷೆಯಲ್ಲಿ ಶಾಯಿಯ ಗೆರೆ ಬೆಳಕನ್ನು ತಡೆದ ಜಾಗ ಮಾತ್ರ ಬಿಳಿಯಾಗಿ ಉಳಿದು, ಬೆಳಕು ಬಿದ್ದ ಉಳಿದ ಹಾಳೆಯೆಲ್ಲ ನೀಲಿಯಾಗುತ್ತಿತ್ತು. ಆದ್ದರಿಂದ ಹಿನ್ನೆಲೆಗೆ `#003153` ಕೊಟ್ಟು ಗೆರೆಗಳನ್ನು ಬಿಳಿಯಾಗಿಸಬೇಕು. ಗಾಢ ನೀಲಿಯ ಮೇಲೆ ಬಿಳಿ ಗೆರೆ ಇರುವುದಕ್ಕಿಂತ ದಪ್ಪವಾಗಿ ಕಾಣುವುದರಿಂದ, ಬಣ್ಣ ಬದಲಿಸಿದ ಮೇಲೆ ಹೆಂಚಿನ ಗೆರೆಯನ್ನು 0.13ಕ್ಕೆ ಇಳಿಸಿದೆ, ಆಗ ಚಾವಣಿಯ ಸಾಲುಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಕಂಡವು.